ಕಾಪಿ ಮಾಡು ಅಂದ ದಿನ

ಶಿಕಾರಿಪುರದ ಒಂದು ಕಾಲೇಜಿನಲ್ಲಿ ನಾನು ಬಿಸಿಎ ಹುಡುಗರಿಗೆ ಕಂಪ್ಯೂಟರ್ ಪಾಠ ಮಾಡುವ ಅತಿಥಿ ಉಪನ್ಯಾಸಕ. ಹೆಸರು ಸುರೇಂದ್ರ, ಮನೆ ಸೊರಬದಲ್ಲಿ. ನನ್ನ ಲ್ಯಾಬಿನಲ್ಲಿ ಯಾರೂ ಫೇಲಾಗುವುದಿಲ್ಲ ಎಂದು ಎದೆಯುಬ್ಬಿಸಿ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಆ ಮಾತು ನೆನೆದರೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಫೇಲಾಗದಿರುವುದಕ್ಕೆ ಕಾರಣ ನನ್ನ ಪಾಠವಲ್ಲ, ಒಂದು ಫೋಲ್ಡರ್. ಸೆಮಿಸ್ಟರಿಗೆ ಬೇಕಾದ ಹದಿನಾರು ಪ್ರೋಗ್ರಾಮನ್ನೂ ನಾನು ಯಾವುದೋ ಟ್ಯುಟೋರಿಯಲ್‌ನಿಂದ ಎತ್ತಿ ಎಲ್ಲ ಕಂಪ್ಯೂಟರಿನಲ್ಲೂ ಹಾಕಿಟ್ಟಿದ್ದೆ. ಹುಡುಗರು ಅದನ್ನು ತೆರೆದು, ಕಾಪಿ ಮಾಡಿ, ಅಂಟಿಸಿ, ಮ್ಯಾನುಯಲ್‌ನಲ್ಲಿರುವ ಅಂಕಿಗಳನ್ನೇ ಕೊಟ್ಟು, ಬಂದ ಉತ್ತರವನ್ನು ರೆಕಾರ್ಡ್ ಪುಸ್ತಕಕ್ಕೆ ಇಳಿಸುತ್ತಿದ್ದರು. ನಾನು ಸಹಿ ಹಾಕುತ್ತಿದ್ದೆ. ಪರೀಕ್ಷೆಯಲ್ಲಿ ಫೋಲ್ಡರ್ ಇರುವುದಿಲ್ಲವಲ್ಲ, ಅದಕ್ಕೆ ಹದಿನಾರನ್ನೂ ಸಾಲುಸಾಲಾಗಿ ಬಾಯಿಪಾಠ ಮಾಡಿಸುತ್ತಿದ್ದೆ.

ಇದಕ್ಕೆ ಜಗ್ಗದೆ ಕೂತವಳು ರಕ್ಷಿತಾ ಒಬ್ಬಳೇ. ಸೊರಬದ ಹತ್ತಿರದ ಜಡೆ ಊರಿನ ಸದಾಶಿವಪ್ಪನವರ ಮಗಳು, ಶಿಕಾರಿಪುರದಲ್ಲಿ ಹಾಸ್ಟೆಲಿನಲ್ಲಿದ್ದಳು. ಮುಂದೆ ಎಂಸಿಎ ಮಾಡಬೇಕೆಂದು ಮೊದಲ ದಿನವೇ ಹೇಳಿದ್ದಳು. ಫೋಲ್ಡರ್ ಮುಟ್ಟದೆ, ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ ಪ್ರತಿ ಸಾಲನ್ನೂ ತಾನೇ ಬರೆಯುತ್ತಿದ್ದಳು. ಉಳಿದವರು ನಾಲ್ಕು ಪ್ರೋಗ್ರಾಂ ಮುಗಿಸುವಷ್ಟರಲ್ಲಿ ಇವಳದು ಒಂದು. ಅದರಲ್ಲೂ ತಪ್ಪು.

ಪಟ್ಟಿಯಲ್ಲಿ ಒಂದು ಅಂಕಿ ಎಲ್ಲಿದೆ ಎಂದು ಹುಡುಕುವ ಬೈನರಿ ಸರ್ಚ್ ಪ್ರೋಗ್ರಾಂ ಮಾಡುವ ದಿನ, ಎರಡು ಸಮಚಿಹ್ನೆ ಹಾಕುವ ಕಡೆ ಒಂದೇ ಹಾಕಿದಳು. ಐದು ಅಂಕಿ ಕೊಟ್ಟು ಯಾವುದನ್ನು ಹುಡುಕಿದರೂ ಮೂರನೇ ಜಾಗದಲ್ಲಿ ಸಿಕ್ಕಿತು ಎಂದು ಬರುತ್ತಿತ್ತು. ಪಟ್ಟಿಯಲ್ಲೇ ಇಲ್ಲದ ತೊಂಬತ್ತೊಂಬತ್ತೂ ಸಿಕ್ಕಿತು. ಪಕ್ಕದವರೆಲ್ಲ ನಕ್ಕರು, ಅವಳೂ ನಕ್ಕಳು. ನಕ್ಕು ಸುಮ್ಮನಾಗಲಿಲ್ಲ. ಹುಡುಕಿದ ಮೇಲೆ ಪಟ್ಟಿಯನ್ನೊಮ್ಮೆ ಪರದೆಗೆ ತರಿಸಿ ನೋಡಿದಳು. ನಡುವಿನ ಅಂಕಿ ಇದ್ದ ಜಾಗದಲ್ಲಿ ತೊಂಬತ್ತೊಂಬತ್ತು ಕೂತಿತ್ತು.

"ಸರ್, ಇದು ಹೋಲ್ಸಿ ನೋಡ್ತಿಲ್ಲ, ಅಲ್ಲೇ ತಗಂಡೋಗಿ ಇಡ್ತಿದೆ!" ಎಂದು ಕೂಗಿದಳು.

ಒಂದೇ ಸಮಚಿಹ್ನೆ ಎಂದರೆ ಹೋಲಿಸು ಅಲ್ಲ, ಇಡು ಎಂದು ಯಾರೂ ಹೇಳಿಕೊಡದೆ ಅವಳೇ ಹಿಡಿದಿದ್ದು. ಅಲ್ಲೇ ಬೆನ್ನು ತಟ್ಟಬೇಕಿತ್ತು. ನಾನು ಗಡಿಯಾರ ನೋಡುತ್ತಿದ್ದೆ. ನಾಲ್ಕೂಕಾಲು, ನಾಲ್ಕೂವರೆಗೆ ಸೊರಬದ ಬಸ್ಸು.

ತಪ್ಪು ತಿದ್ದಿಕೊಂಡು ಅವಳು ಮತ್ತೆ ಕರೆದಳು. ಈ ಸಲ ತಲೆಗೆ ತೋಚಿದ ಅಂಕಿ ಕೊಟ್ಟಿದ್ದಳು: ನಲವತ್ತು, ಇಪ್ಪತ್ತು, ಮೂವತ್ತು, ಹತ್ತು. ಹತ್ತನ್ನು ಹುಡುಕಿದರೆ ಇಲ್ಲ ಎನ್ನುತ್ತಿತ್ತು.

"ಹತ್ತು ಇದೆಯಲ್ಲ ಸರ್. ಯಾಕೆ ಸಿಗಲ್ಲ ಅಂತಿದೆ?"

ಉತ್ತರ ಐದು ನಿಮಿಷದ್ದು. ಬೈನರಿ ಸರ್ಚ್ ನಡುವಿನ ಅಂಕಿ ನೋಡುತ್ತದೆ. ಬೇಕಾದ್ದು ಅದಕ್ಕಿಂತ ಚಿಕ್ಕದಾದರೆ ಬಲಗಡೆ ಇರುವುದನ್ನೆಲ್ಲ ನೋಡದೆಯೇ ಬಿಟ್ಟುಬಿಡುತ್ತದೆ. ಅಂಕಿಗಳು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿದ್ದರೆ ಮಾತ್ರ ಹಾಗೆ ಬಿಡಬಹುದು; ಮ್ಯಾನುಯಲ್‌ನ ಅಂಕಿಗಳು ಹಾಗೇ ಇದ್ದವು. ಇಷ್ಟೇ. ಕಾಗದದ ಮೇಲೆ ಎರಡು ಗೆರೆ ಎಳೆದಿದ್ದರೆ ಅವಳು ಉಳಿದದ್ದನ್ನು ತಾನೇ ಹೇಳುತ್ತಿದ್ದಳು.

"ಮ್ಯಾನುಯಲ್‌ನಲ್ಲಿರೋ ನಂಬರ್ ಕೊಡು, ಬರ್ತದೆ," ಎಂದೆ. ಅಷ್ಟಕ್ಕೆ ಬಿಡಲಿಲ್ಲ ನನ್ನ ಹಾಳು ನಾಲಿಗೆ. "ಎಲ್ರದ್ದೂ ರೆಕಾರ್ಡ್ ಆಯ್ತು, ನಿಂದೊಂದೇ ಬಾಕಿ. ಹಿಂಗೆ ಕುಟ್ಕಂತ ಕೂತ್ರೆ ನಿನ್ ತಲೆಗೆ ಈ ಜನ್ಮದಲ್ಲಿ ಹತ್ತಲ್ಲ. ಫೋಲ್ಡರ್‌ನಲ್ಲಿದೆ, ಕಾಪಿ ಮಾಡು."

ಹುಡುಗಿಯ ಮುಖ ಸಪ್ಪಗಾಯಿತು. ನಾನು ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೂ ಸಿಕ್ಕಿತು.

ಮುಂದಿನ ವಾರದಿಂದ ರಕ್ಷಿತಾ ನಾನು ಹೇಳಿದ ಹಾಗೇ ಮಾಡಿದಳು. ಎಲ್ಲರಿಗಿಂತ ಮೊದಲು ರೆಕಾರ್ಡ್ ತಂದಿಡುತ್ತಿದ್ದಳು. ಒಂದೂ ಪ್ರಶ್ನೆಯಿಲ್ಲ. ಹುಡುಗಿ ದಾರಿಗೆ ಬಂದಳು ಎಂದು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿದೆ.

ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಪರಮಶಿವಪ್ಪ ಎಂಬ ಹಿರಿಯರು ಬಂದರು. ಚೀಟಿ ಎತ್ತಿದಾಗ ರಕ್ಷಿತಾಳಿಗೆ ಬಂದದ್ದು ಬೈನರಿ ಸರ್ಚ್. ಒಂದು ಅಕ್ಷರ ತಪ್ಪಿಲ್ಲದೆ ಬಾಯಿಪಾಠ ಒಪ್ಪಿಸಿದಂತೆ ಟೈಪ್ ಮಾಡಿದಳು. ಉತ್ತರವೂ ಸರಿ ಬಂತು. ನಾನು ಮೀಸೆಯಡಿ ನಗುತ್ತಾ ನಿಂತಿದ್ದೆ.

"ಚಲೋ ಮಾಡೀಯಮ್ಮ," ಎಂದರು ಪರಮಶಿವಪ್ಪ. "ಈಗ ನಾ ಹೇಳೋ ನಂಬರ್ ಹಾಕು. ಐವತ್ತು, ಇಪ್ಪತ್ತು, ನಲವತ್ತು, ಹತ್ತು, ಮೂವತ್ತು. ಐವತ್ತನ್ನ ಹುಡುಕು."

ಮೊದಲನೆಯದಾಗಿ ಕೊಟ್ಟ ಐವತ್ತೇ ಇಲ್ಲ ಎಂದು ಬಂತು.

"ಯಾಕಮ್ಮ?"

ಅವಳು ಪರದೆ ನೋಡಿದಳು, ಕೈ ನೋಡಿಕೊಂಡಳು. ಬಾಯಿಪಾಠದಲ್ಲಿ ಇದಕ್ಕೆ ಸಾಲಿರಲಿಲ್ಲ. ಕಣ್ಣು ತುಂಬಿಕೊಂಡಿತು.

ಪರಮಶಿವಪ್ಪ ನನ್ನ ಕಡೆ ತಿರುಗಿದರು. "ಏನ್ರೀ ಸುರೇಂದ್ರ, ಇದನ್ನ ಹುಡುಗ್ರಿಗೆ ಹೇಳಿಲ್ಲೇನ್ರೀ?"

ನಾನು ಬಾಯಿ ತೆರೆಯುವುದಕ್ಕೆ ಮುಂಚೆ ಅವಳೇ ಹೇಳಿದಳು. "ಸರ್ ಹೇಳ್ಕೊಟ್ಟಿದ್ರು ಸರ್. ನಂಗೇ ತಲೆಗೆ ಹತ್ತಿಲ್ಲ."

ಸುಳ್ಳು. ಅದು ಸುಳ್ಳೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಅಲ್ಲ ಸರ್, ಅವಳು ಕೇಳಿದ್ದಳು, ನಾನೇ ಹೇಳಲಿಲ್ಲ ಎನ್ನಲು ಒಂದು ಉಸಿರು ಸಾಕಿತ್ತು.

"ಹೌದು ಸರ್, ಕ್ಲಾಸಲ್ಲಿ ಮಾಡಿದ್ದೀನಿ," ಎಂದೆ.

ನಲವತ್ತಕ್ಕೆ ಇಪ್ಪತ್ನಾಲ್ಕು ಹಾಕಿದರು. ಪಾಸು. ನನ್ನ ಲ್ಯಾಬಿನ ಹೆಸರಿಗೆ ಮಸಿ ಹತ್ತಲಿಲ್ಲ. ಆದರೆ ಅವತ್ತಿನಿಂದ ಆ ಹುಡುಗಿಯ ಮುಖ ನೇರ ನೋಡಲಾಗಲಿಲ್ಲ ನನಗೆ. ಕಾರಿಡಾರಿನಲ್ಲಿ ಎದುರಾದರೆ ಮೊಬೈಲ್ ತೆಗೆಯುತ್ತಿದ್ದೆ.

ಎರಡು ವರ್ಷದ ಮೇಲೆ ಅವಳೇ ಫೋನ್ ಮಾಡಿದಳು. ಡಿಗ್ರಿ ಮುಗಿದಿತ್ತು. ಸೊರಬದ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದಾಳಂತೆ.

"ಸರ್, ನಿಮ್ ಫೋಲ್ಡರ್ ಬೇಕಾಗಿತ್ತು. ಇಲ್ಲಿ ಹುಡುಗ್ರು ಏನೇನೋ ಕೇಳ್ತಾರೆ, ನಂಗೆ ಹೇಳಕ್ಕಾಗಲ್ಲ. ಅದಿದ್ರೆ ಸುಮ್ನೆ ಕಾಪಿ ಮಾಡಿ ಅಂತೀನಿ."

ಪೆನ್ ಡ್ರೈವ್ ಜೇಬಿನಲ್ಲಿಟ್ಟುಕೊಂಡು ಆ ಭಾನುವಾರ ಹೋದೆ. ಕೊಟ್ಟು ಬರಬೇಕೆಂದೇ ಹೋದದ್ದು. ನಾಲ್ಕು ಕಂಪ್ಯೂಟರಿನ ಕೋಣೆ. ಮೇಘನಾ ಎಂಬ ಪಿಯುಸಿ ಹುಡುಗಿ ಒಬ್ಬಳೇ ಕೂತು ನಿಧಾನವಾಗಿ ಟೈಪ್ ಮಾಡುತ್ತಿದ್ದಳು. ಏನೋ ತಪ್ಪು ಬಂದು, ಯಾಕೆ ಅಕ್ಕಾ ಎಂದಳು. ರಕ್ಷಿತಾ ಪರದೆ ನೋಡಿ ತಡವರಿಸಿ, "ಇರು, ಸರ್ ಬಂದಿದಾರೆ, ಸರಿ ಇರೋದೇ ತಂದಿದಾರೆ," ಎಂದು ನನ್ನ ಮುಂದೆ ಕೈಯೊಡ್ಡಿದಳು.

 ಪೆನ್ ಡ್ರೈವ್ ಜೇಬಿನಿಂದ ತೆಗೆಯಲಿಲ್ಲ.

"ರಕ್ಷಿತಾ, ಅವತ್ತು ಲ್ಯಾಬಲ್ಲಿ ನೀನು ಕೇಳಿದ್ದು ಸರಿಯಾದ ಪ್ರಶ್ನೆ ಕಣಮ್ಮ. ನಾನು ಬಸ್ಸು ತಪ್ತದೆ ಅಂತ ಹೇಳ್ಲಿಲ್ಲ. ಪರೀಕ್ಷೆಲಿ ಸುಳ್ಳೂ ಹೇಳ್ದೆ. ನಿನ್ ತಲೇಲಿ ಏನೂ ಕೊರತೆ ಇರ್ಲಿಲ್ಲ. ಕಾಪಿ ಮಾಡ್ದಲೇ ತಪ್ಪು ಮಾಡ್ಕಂತ ಕಲೀತಿದ್ಯಲ್ಲ, ಇಡೀ ಕ್ಲಾಸಲ್ಲಿ ನಿಜವಾಗಿ ಕಲೀತಿದ್ದೋಳು ನೀನೊಬ್ಳೇ."

ಅಳುತ್ತಾಳೆ ಅಂದುಕೊಂಡೆ. ಪರವಾಗಿಲ್ಲ ಬಿಡಿ ಸರ್ ಎಂದಾಳು ಎಂದೂ ಆಸೆಪಟ್ಟೆ, ನಾಚಿಕೆಗೆಟ್ಟವನು. ಅವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಎಂಸಿಎ ಫಾರಂ ತುಂಬಿ ಇಟ್ಕಂಡಿದ್ದೆ ಸರ್. ಕಳಿಸ್ಲಿಲ್ಲ. ನಮ್ಮಪ್ಪ ಯಾಕೆ ಅಂದ್ರು. ನಂಗೆ ತಲೆ ಇಲ್ಲಪ್ಪ, ಸರ್ರೇ ಹೇಳಿದಾರೆ ಅಂದೆ. ಈಗ್ಲೂ ಯಾರಾದ್ರೂ ಕೇಳಿದ್ರೆ, ನಮ್ ಹುಡುಗಿಗೆ ಅಷ್ಟು ತಲೆ ಇಲ್ಲ ಅಂತಾರೆ ಅಪ್ಪ." ಮೇಘನಾಳ ಪರದೆ ಕಡೆ ಒಮ್ಮೆ ನೋಡಿ ನನ್ನತ್ತ ತಿರುಗಿದಳು. "ನಂಗೆ ಹೇಳಿದ್ರಲ್ಲ, ಇದನ್ನೇ ಅಪ್ಪಂಗೂ ಹೇಳ್ತೀರಾ ಸರ್? ಮನೆಗೆ ಬಂದು?"

"ಬರ್ತೀನಿ ಕಣಮ್ಮ. ಖಂಡಿತ ಬರ್ತೀನಿ," ಎಂದೆ.

ಇದಾಗಿ ಮೂರು ತಿಂಗಳಾಯಿತು. ಸೊರಬದಿಂದ ಜಡೆ ಏನೂ ದೂರವಲ್ಲ. ನಾನಿನ್ನೂ ಹೋಗಿಲ್ಲ.