ಎದೆಗಾರಿಕೆಗೆ ನಲವತ್ತಾರು

ಕನ್ನಡಕದಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಕೂತು, ಹಣವನ್ನು ಎಲ್ಲಿ ಹೂಡಬೇಕು ಎಂದು ಜನರಿಗೆ ಹೇಳುವುದು ಆ ಸಲಹೆಗಾರ್ತಿಯ ಕಸುಬು. ನಿಜ ಹೇಳಬೇಕೆಂದರೆ ಅವಳು ಹೇಳುವುದು ಕಡಿಮೆ, ಕೇಳುವುದು ಜಾಸ್ತಿ. ಹಿಂದೆ ದುಡಿಯುತ್ತಿದ್ದ ದೊಡ್ಡ ಕಂಪನಿಯಲ್ಲಿ ಅವಳಿಗೆ 'ಪ್ರಶ್ನೆಪತ್ರಿಕೆ' ಎಂದು ಅಡ್ಡಹೆಸರಿತ್ತು. ಅಲ್ಲಿನವರು ಗ್ರಾಹಕ ಬಂದು ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಹೂಡಿಕೆಯ ಪಟ್ಟಿ ಮುಂದಿಡುವವರು. ಇವಳಿನ್ನೂ ಆ ಮನೆಯಲ್ಲಿ ಎಷ್ಟು ಜನ ಎಂದು ವಿಚಾರಿಸುತ್ತಿರುತ್ತಿದ್ದಳು.

ಆ ಕಂಪನಿಯಲ್ಲಿ ಇದ್ದದ್ದು ಒಂದೇ ಹಾಳೆ, ನೂರು ಅಂಕ. ನಿಮಗೆಷ್ಟು ಧೈರ್ಯ ಎಂಬ ಪ್ರಶ್ನೆಯೂ ಅದರಲ್ಲೇ, ನಿಮಗೆಷ್ಟು ಸಂಬಳ ಎಂಬ ಪ್ರಶ್ನೆಯೂ ಅದರಲ್ಲೇ, ಕೊನೆಗೆ ಎಲ್ಲವನ್ನೂ ಕೂಡಿಸಿಬಿಡುವುದು. ಹಾಗಾಗಿ ಮೂರು ಮನೆ ಬಾಡಿಗೆಗೆ ಕೊಟ್ಟ ಪುಕ್ಕಲನಿಗೂ, ಕೈಯಲ್ಲಿ ಕಾಸಿಲ್ಲದ ಗಂಡೆದೆಯವನಿಗೂ ಅರವತ್ತೇ ಅಂಕ, ಇಬ್ಬರಿಗೂ ಅದೇ ಹೂಡಿಕೆ. ಮಾರುಕಟ್ಟೆ ಬಿದ್ದ ವರ್ಷ ಮೊದಲನೆಯವನು ನಿದ್ದೆಗೆಟ್ಟ, ಅಷ್ಟೇ. ಎರಡನೆಯವನು ಚೆನ್ನಾಗಿ ನಿದ್ದೆ ಮಾಡಿದ. ಆದರೆ ಅದೇ ತಿಂಗಳು ಆಸ್ಪತ್ರೆಯ ಬಿಲ್ಲು ಬಂದದ್ದರಿಂದ ಇದ್ದದ್ದನ್ನೆಲ್ಲ ಬಿದ್ದ ಬೆಲೆಗೆ ಮಾರಿದ. ಧೈರ್ಯ ಕೊಟ್ಟರೆ ಆಸ್ಪತ್ರೆಯವರು ರಸೀದಿ ಕೊಡುವುದಿಲ್ಲ. ಇದನ್ನು ಸಭೆಯಲ್ಲಿ ಹೇಳಿ ನಗೆಪಾಟಲಾದ ಮೇಲೆ ಅವಳು ಕೆಲಸ ಬಿಟ್ಟಳು.

ಈಗ ಅವಳ ಬಳಿ ಎರಡು ಹಾಳೆಗಳಿವೆ. ಗುಲಾಬಿ ಹಾಳೆ ಮನಸ್ಸನ್ನು ಕೇಳುತ್ತದೆ: ನಷ್ಟವಾದರೆ ಎಷ್ಟು ಸಹಿಸುತ್ತೀರಿ? ಹಳದಿ ಹಾಳೆ ಮನೆಯನ್ನು ಕೇಳುತ್ತದೆ: ನಷ್ಟವಾದರೆ ಎಷ್ಟು ತಾಳುತ್ತದೆ? ಒಂದೊಂದಕ್ಕೂ ಐವತ್ತು ಅಂಕ. ಎರಡನ್ನೂ ಯಾವ ಕಾರಣಕ್ಕೂ ಕೂಡಿಸುವಂತಿಲ್ಲ. ಯಾವುದು ಕಡಿಮೆಯೋ ಅದರ ಮಾತೇ ನಡೆಯಬೇಕು. ಗಂಡ ಹೆಂಡತಿ ಜೋಡಿಯಾಗಿ ಬಂದರೆ ಒಬ್ಬೊಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಕೂತು ಬರೆಯಬೇಕು. ಈ ಕಟ್ಟಳೆಗೆ ಬೇಸತ್ತು ಎದ್ದುಹೋದವರೂ ಇದ್ದಾರೆ, ಅವಳ ಬಾಡಿಗೆ ತಡವಾದ ತಿಂಗಳುಗಳೂ ಇವೆ.

ಮಂಗಳವಾರ ಬೆಳಿಗ್ಗೆ ಬಂದವರು ಅಂಥದೇ ಒಂದು ಜೋಡಿ. ಗಂಡನಿಗೆ ಐವತ್ತೊಂದು. ಇಪ್ಪತ್ತಾರು ವರ್ಷ ಎತ್ತರದ ಕಟ್ಟಡಗಳ ಹೊರಮೈಯಲ್ಲಿ ಹಗ್ಗಕ್ಕೆ ನೇತುಬಿದ್ದು ಗಾಜು ಒರೆಸಿದವನು, ಬಿರುಕು ಮುಚ್ಚಿದವನು. ಜೊತೆಯವರೆಲ್ಲ ಅವನನ್ನು ಗಾಳಿಯಣ್ಣ ಎನ್ನುತ್ತಿದ್ದರು. ಹೋದ ವರ್ಷ ಒಳಕಿವಿ ಕೆಟ್ಟು ತಲೆ ಸುತ್ತತೊಡಗಿತು, ಎಡಗಿವಿ ಮಂದವಾಯಿತು. ಇನ್ನು ಏಣಿಯನ್ನೂ ಹತ್ತಬೇಡ ಎಂದರು ವೈದ್ಯರು. ಅವನ ಕಂಪನಿ ಒಂದು ದೊಡ್ಡ ಮೊತ್ತ ಕೊಟ್ಟು ಮನೆಗೆ ಕಳಿಸಿತು. ವಾಸದ ಮನೆಯೊಂದನ್ನು ಬಿಟ್ಟರೆ ಅವರ ಆಸ್ತಿಯೆಲ್ಲ ಆ ಮೊತ್ತವೇ. ಹೆಂಡತಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿದ ಅಂಗಿಗಳನ್ನು ತಪಾಸಣೆ ಮಾಡುವವಳು. ಮಗಳು ನರ್ಸಿಂಗ್ ಓದುತ್ತಿದ್ದಳು, ಇನ್ನೆರಡು ವರ್ಷ ಫೀಸಿತ್ತು.

"ಎಲ್ಲಾ ಷೇರಿಗೆ ಹಾಕ್ಬಿಡಿ ಮೇಡಂ," ಎಂದ ಗಾಳಿಯಣ್ಣ, ಕುರ್ಚಿ ಎಳೆದುಕೊಳ್ಳುವ ಮೊದಲೇ. "ಹತ್ತು ವರ್ಷ ಅದರ ಕಡೆ ತಿರುಗಿಯೂ ನೋಡಲ್ಲ."

"ಹಾಕೋಣವೋ ಬೇಡವೋ ಆಮೇಲೆ. ಮೊದಲು ಇದನ್ನ ತುಂಬಿಸಿ," ಎಂದು ಅವಳು ಹಾಳೆ ಕೊಟ್ಟು, ಅವನ ಹೆಂಡತಿಯನ್ನು ಒಳಕೋಣೆಯಲ್ಲಿ ಕೂರಿಸಿ ಬಂದಳು.

ಗುಲಾಬಿ ಹಾಳೆಯನ್ನು ಅವನು ಏಳೇ ನಿಮಿಷಕ್ಕೆ ಮುಗಿಸಿದ. ಆರು ತಿಂಗಳಲ್ಲಿ ನಿಮ್ಮ ಹೂಡಿಕೆಯ ಮೂರನೇ ಒಂದು ಪಾಲು ಕರಗಿದರೆ ಏನು ಮಾಡುತ್ತೀರಿ ಎಂಬಲ್ಲಿ 'ಇನ್ನಷ್ಟು ಕೊಳ್ಳುತ್ತೇನೆ' ಎಂಬುದಕ್ಕೆ ಎರಡು ಸಲ ಗುರುತು ಹಾಕಿದ್ದ. ಹಾಳೆಯ ಮೇಲೆ ಎಲ್ಲರೂ ಹುಲಿಗಳೇ ಎಂಬುದು ಅವಳಿಗೆ ಗೊತ್ತು. ಅದಕ್ಕೇ ಕೇಳಿದಳು, "ಹಿಂದೆ ಯಾವಾಗಾದ್ರೂ ದುಡ್ಡು ಕಳ್ಕೊಂಡಿದ್ದೀರಾ?"

"ಕಳ್ಕೊಂಡಿಲ್ದೆ ಏನು? ಸ್ನೇಹಿತನ ಅಂಗಡೀಲಿ ಇದ್ದದ್ದೆಲ್ಲ ಹಾಕಿದ್ದೆ. ಎರಡೇ ವರ್ಷಕ್ಕೆ ಬಾಗಿಲು ಹಾಕ್ದ."

"ಆವತ್ತು ರಾತ್ರಿ ನಿದ್ದೆ ಬಂತಾ?"

"ಗೊರಕೆ ಹೊಡೆದೆ ಅಂತ ಇವಳು ಇವತ್ತಿಗೂ ಬೈತಾಳೆ."

ಅಂದರೆ ಬಡಾಯಿಯಲ್ಲ. ಐವತ್ತಕ್ಕೆ ನಲವತ್ತಾರು. ಈ ಕೋಣೆಯಲ್ಲಿ ಅಷ್ಟು ಅಂಕ ಯಾರಿಗೂ ಬಂದಿರಲಿಲ್ಲ. ಅವಳಿಗೆ ಅವನ ಮೇಲೆ ಸಣ್ಣದೊಂದು ಹೊಟ್ಟೆಕಿಚ್ಚೂ ಆಯಿತು. ಗುಲಾಬಿ ಹಾಳೆಯಲ್ಲಿ ಅವಳದೇ ಅಂಕ ಇಪ್ಪತ್ತೊಂದು. ಅವನ ಹಳದಿ ಹಾಳೆಯೂ ತೀರಾ ಕೆಟ್ಟದಾಗಿರಲಿಲ್ಲ. ಮನೆಖರ್ಚೂ ಮಗಳ ಫೀಸೂ ಹೆಂಡತಿಯ ಸಂಬಳದಲ್ಲಿ ನಡೆಯುತ್ತವೆ, ಆಕೆಯ ಕೆಲಸ ಹದಿನಾಲ್ಕು ವರ್ಷದಿಂದ ಗಟ್ಟಿಯಾಗಿದೆ, ಸಾಲ ಯಾವುದೂ ಇಲ್ಲ. ಇಪ್ಪತ್ತೊಂಬತ್ತು ಎಂದು ಹಾಕಿ ಒಳಕೋಣೆಗೆ ಹೋದಳು.

ಹೆಂಡತಿ ಬರೆದು ಮುಗಿಸಿ, ಪೆನ್ನನ್ನು ಹಾಳೆಯ ಮೇಲೆ ಅಡ್ಡ ಇಟ್ಟು ಕೂತಿದ್ದಳು. ಅಕ್ಷರ ದುಂಡಗೆ, ಒಂದೂ ಚಿತ್ತಿಲ್ಲ. ಆದಾಯ ಎಂಬಲ್ಲಿ ಸಂಬಳ ಬರೆದು ಪಕ್ಕದಲ್ಲಿ ಸೇರಿಸಿದ್ದಳು: 'ಇನ್ನು ಎರಡು ತಿಂಗಳು ಮಾತ್ರ. ಕಾರ್ಖಾನೆ ಮುಚ್ಚುತ್ತಾರೆ. ನಮ್ಮ ಯಜಮಾನರಿಗೆ ಗೊತ್ತಿಲ್ಲ.'

ಸಲಹೆಗಾರ್ತಿ ನಿಂತಲ್ಲೇ ಮತ್ತೆ ಲೆಕ್ಕ ಹಾಕಿದಳು. ಇಪ್ಪತ್ತೊಂಬತ್ತು ಇದ್ದದ್ದು ಹದಿನಾಲ್ಕಾಯಿತು.

"ನಾನಾಗಿ ಅವರಿಗೆ ಹೇಳಲ್ಲ," ಎಂದಳು ಮೆಲ್ಲಗೆ. "ನೀವು ನನ್ನನ್ನ ನಂಬಿ ಬರೆದಿದ್ದೀರಿ. ಆದ್ರೆ ಇಲ್ಲ ಅಂತ ಗೊತ್ತಿರೋ ಸಂಬಳನ ಇದೆ ಅಂದ್ಕೊಂಡು ನಾನು ಸಲಹೆ ಬರೆಯೋಕಾಗಲ್ಲ ಅಮ್ಮಾ. ಒಂದೋ ನೀವೇ ಹೇಳ್ಬೇಕು, ಇಲ್ಲಾ ಈ ಕೆಲಸ ನನ್ನಿಂದಾಗಲ್ಲ ಅಂತ ನಾನು ಹೇಳ್ಬೇಕು."

"ಆಗಲ್ಲ ಅಂದ್ರೆ ಅವರು ಬೇರೆಯವರ ಹತ್ರ ಹೋಗ್ತಾರೆ."

"ಹೋಗ್ತಾರೆ."

ಹೆಂಡತಿ ಎದ್ದು ಹೊರಗೆ ಬಂದಳು.

ಗಾಳಿಯಣ್ಣ ಕಿಟಕಿಯ ಬಳಿ ನಿಂತಿದ್ದ. "ಏನ್ ಮೇಡಂ, ಹುಡುಗಿ ನೋಡೋಕೆ ಬಂದೋರು ಕೂಡ ಇಷ್ಟು ಕೇಳಲ್ಲ. ಎದುರುಗಡೆ ಬಿಲ್ಡಿಂಗಲ್ಲಿ ಒಬ್ಬ ಇದ್ದಾನಂತೆ, ಹತ್ತು ನಿಮಿಷದಲ್ಲಿ ಸಹಿ ಹಾಕಿಸಿ ಕಳಿಸ್ತಾನಂತೆ."

"ಕಳಿಸ್ತಾರೆ, ಸುಳ್ಳಲ್ಲ. ಕೂತ್ಕೊಳ್ಳಿ." ಅವಳು ಗುಲಾಬಿ ಹಾಳೆಯನ್ನು ಅವನತ್ತ ತಿರುಗಿಸಿದಳು. "ನೀವು ಹೆದರಲ್ಲ, ಒಪ್ಪಿದೆ. ಆದ್ರೆ ಷೇರು ಬಿದ್ದಿರೋ ತಿಂಗಳಲ್ಲೇ ಮಗಳ ಫೀಸ್ ಕಟ್ಟಬೇಕಾಗಿ ಬಂತು ಅನ್ಕೊಳ್ಳಿ. ಬಿದ್ದ ಬೆಲೆಗೇ ಮಾರ್ಬೇಕು. ಆಮೇಲೆ ಮಾರುಕಟ್ಟೆ ಎದ್ದರೂ ನಿಮ್ಮ ಹತ್ರ ಷೇರೇ ಇರಲ್ಲ. ಕಾಯೋ ಧೈರ್ಯ ಇದ್ರೆ ಸಾಲದು, ಕಾಯೋ ಅನುಕೂಲಾನೂ ಇರ್ಬೇಕು."

"ಯಾಕೆ ಮಾರ್ಬೇಕು? ಇವಳ ಸಂಬಳ ಇಲ್ವಾ?"

ಸಲಹೆಗಾರ್ತಿ ಪೆನ್ನಿನ ಮುಚ್ಚಳ ಹಾಕಿದಳು. ಯಾರ ಮುಖವನ್ನೂ ನೋಡಲಿಲ್ಲ.

"ಇಲ್ಲ ರೀ," ಎಂದಳು ಹೆಂಡತಿ. "ಎರಡು ತಿಂಗಳಾದ ಮೇಲೆ ಇರಲ್ಲ. ಕಾರ್ಖಾನೆ ಮುಚ್ತಾರೆ. ಆರು ವಾರದ ಹಿಂದೇನೇ ನೋಟೀಸ್ ಅಂಟಿಸಿದ್ರು."

ಕೆಳಗೆ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಯಂತ್ರ ಕರಕರ ಎನ್ನುತ್ತಿತ್ತು. ಗಾಳಿಯಣ್ಣ ಬಲಗಿವಿಯನ್ನು ಮುಂದೆ ಮಾಡಿ ಹೆಂಡತಿಯ ಕಡೆ ವಾಲಿದ. ಕೇಳಿಸಿತ್ತು, ಆದರೂ ಇನ್ನೊಮ್ಮೆ ಹೇಳಿಸಿಕೊಂಡ. ರೇಗಾಡುತ್ತಾನೆಂದು ಸಲಹೆಗಾರ್ತಿ ಎಣಿಸಿದ್ದಳು. ಅವನು ರೇಗಲಿಲ್ಲ. "ಮತ್ತೆ ಈಗೇನು ಮಾಡೋದು?" ಎಂದ.

"ಇವತ್ತು ಏನೂ ಮಾಡಲ್ಲ," ಎಂದಳು ಅವಳು. "ದಾಖಲೆ ಎಲ್ಲಾ ನೋಡ್ಬೇಕು, ಮನೆಖರ್ಚು ಸರಿಯಾಗಿ ತಿಳೀಬೇಕು. ಆದ್ರೆ ದಾರಿ ಹೇಳ್ತೀನಿ. ಮೊದಲು ಒಂದು ವರ್ಷದ ಮನೆಖರ್ಚು, ಎರಡು ವರ್ಷದ ಫೀಸು, ಬೇಕಂದಾಗ ಕೈಗೆ ಸಿಗೋ ಹಾಗೆ ಬ್ಯಾಂಕಲ್ಲಿರಲಿ. ಆಸ್ಪತ್ರೆ ವಿಮೆ ಇದೆಯೋ ಇಲ್ವೋ ನೋಡೋಣ. ಇಷ್ಟಾದ ಮೇಲೆ ಉಳಿದದ್ದರಲ್ಲಿ ಒಂದು ಚಿಕ್ಕ ಪಾಲು ಷೇರಿಗೆ. ನಿಮ್ಮಿಬ್ಬರಲ್ಲಿ ಒಬ್ಬರಿಗೆ ಕೆಲಸ ಸಿಕ್ಕಿದ ದಿನ ಹಳದಿ ಹಾಳೆ ಹೊಸದಾಗಿ ಬರೆಯೋಣ."

"ಹಾಗಾದ್ರೆ ಈಗಲೇ ಬರ್ಕೊಳ್ಳಿ," ಎಂದ ಗಾಳಿಯಣ್ಣ. "ಒಂದು ಆದಾಯ ಇದೆ. ಸೋಮವಾರದಿಂದ."

"ಏನು ಕೆಲಸ?"

"ಮೇಸ್ತ್ರಿ ಕರೆದಿದ್ದಾನೆ. ಹನ್ನೆರಡೇ ಅಂತಸ್ತು. ಬರ್ತೀನಿ ಅಂತ ಮಾತು ಕೊಟ್ಟಿದ್ದೀನಿ."

ಹೆಂಡತಿಯ ಮುಖ ಬಿಳುಚಿಕೊಂಡಿತು. "ಅಯ್ಯೋ, ಇದಕ್ಕೇ ಕಣ್ರೀ ನಾನು ಹೇಳ್ದೆ ಇದ್ದದ್ದು! ಸಂಬಳ ಇಲ್ಲ ಅಂತ ಗೊತ್ತಾದ್ರೆ ನೀವು ಮತ್ತೆ ಹತ್ತುತೀರ ಅಂತ. ಸಂಬಳ ಇದೆ ಅಂದ್ಕೊಂಡೇ ಒಪ್ಕೊಂಡಿದ್ದೀರಲ್ಲ!" ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಆರು ವಾರ ಆ ನೋಟೀಸನ್ನು ಎದೆಯಲ್ಲಿಟ್ಟುಕೊಂಡು ಅಡುಗೆ ಮಾಡಿದ್ದು, ಬಟ್ಟೆ ಒಗೆದದ್ದು, ಎಲ್ಲ ದಂಡವಾಗಿತ್ತು.

ಸಲಹೆಗಾರ್ತಿಗೆ ನಿಜವಾಗಿ ಭಯವಾಯಿತು. ಜನ ಹಣ ಕಳೆದುಕೊಳ್ಳುವುದನ್ನು ತಡೆಯುವುದು ಅವಳಿಗೆ ಗೊತ್ತು. ಇದಕ್ಕೆ ಅವಳಲ್ಲಿ ವಿದ್ಯೆ ಇರಲಿಲ್ಲ. ಗೊತ್ತಿದ್ದದ್ದು ಪ್ರಶ್ನೆ ಕೇಳುವುದೊಂದೇ. ಹಳದಿ ಹಾಳೆಯನ್ನು ಮುಂದೆ ಎಳೆದುಕೊಂಡು, ಮುಚ್ಚಳ ತೆಗೆದು, ಎಲ್ಲರನ್ನೂ ಕೇಳುವ ದನಿಯಲ್ಲೇ ಕೇಳಿದಳು.

"ಈ ಆದಾಯ ಎಷ್ಟು ದಿನ ಬರುತ್ತೆ ಅಂತ ಬರ್ಕೊಳ್ಳಲಿ?"

ಅವನು ಎಡಗಿವಿ ಉಜ್ಜಿಕೊಂಡ.

"ಮೇಲೆ ಹೋಗೋಕೆ ಹೆದರಿಕೆ ಇದೆಯಾ?"

"ನನಗಾ? ಇಲ್ಲ."

"ತಲೆಸುತ್ತು ನಿಂತಿದೆಯಾ?"

ಗಾಳಿಯಣ್ಣ ಹೆಂಡತಿಯನ್ನು ನೋಡಿದ, ಮೇಜಿನ ಮೇಲಿದ್ದ ಎರಡು ಬಣ್ಣದ ಹಾಳೆಗಳನ್ನು ನೋಡಿದ. "ನಿನ್ನೆ ಸ್ನಾನದ ಮನೇಲಿ ಗೋಡೆ ಹಿಡ್ಕೊಂಡೆ," ಎಂದ. ಹೆಂಡತಿಗೂ ಅದು ಗೊತ್ತಿರಲಿಲ್ಲ.

ಆಮೇಲೆ ಅವನು ಜೇಬಿನಿಂದ ಫೋನ್ ತೆಗೆದ. ಕಿವಿ ಕೆಟ್ಟ ಮೇಲೆ ಅವನು ಮಾತಾಡುವುದೆಲ್ಲ ಸ್ಪೀಕರಿನಲ್ಲೇ, ಹಾಗಾಗಿ ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು. ಮೇಸ್ತ್ರಿಯ ಹಿಂದೆ ಎಲ್ಲೋ ಕಬ್ಬಿಣ ಕುಟ್ಟುವ ಸದ್ದು.

"ಸೋಮವಾರ ನಾನು ಬರಲ್ಲ ಕಣಯ್ಯ. ಬೇರೆಯವರನ್ನ ನೋಡ್ಕೋ."

"ಇದೇನಣ್ಣ, ಮೊನ್ನೆ ಹೂಂ ಅಂದಿದ್ದೆ? ಕೂಲಿ ಕಮ್ಮಿ ಆಯ್ತಾ?"

"ಅದಲ್ಲ."

"ಮತ್ತಿನ್ನೇನು? ನಿನಗೂ ಹೆದರಿಕೆ ಶುರುವಾಯ್ತಾ?" ಎಂದು ಮೇಸ್ತ್ರಿ ಜೋರಾಗಿ ನಕ್ಕ. ಅದಕ್ಕಿಂತ ದೊಡ್ಡ ಹಾಸ್ಯ ಅವನಿಗೆ ಹೊಳೆದಿರಲಾರದು.

ಗಾಳಿಯಣ್ಣ ನಗಲಿಲ್ಲ. ಮೇಜಿನ ಆಚೆ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

"ಹೂಂ ಕಣಯ್ಯ," ಎಂದ. "ಹೆದರಿಕೆ."

ಆಚೆ ಕಡೆ ನಗು ನಿಂತಿತು.