ಗಿರಿಜಾಬಾಯಿಯ ಪಾಳಿ

ಶಂಕರೆಪ್ಪನವರು ರಕ್ತದಾನ ಶಿಬಿರದ ಸೇವೆಯ ಪಟ್ಟಿಯನ್ನು ಮೂರು ಸಲ ಬರೆದು ಮೂರು ಸಲ ಹರಿದಿದ್ದರು. ನಾಲ್ಕನೆಯದನ್ನು ಸೋಲಾಪುರದ ತಮ್ಮ ಅಂಗಡಿಯಲ್ಲಿ ಚಾದರ ಸುತ್ತುವ ದಪ್ಪ ಕಾಗದದ ಮೇಲೆ ಬರೆದು, ಅಕ್ಕಲಕೋಟೆಯ ಧರ್ಮಶಾಲೆಯ ಕಂಬಕ್ಕೆ ಮುಂಜಾನೆಯೇ ಅಂಟಿಸಿದರು. ಅದರಲ್ಲಿ ಮೂರು ಮನೆಗಳಿದ್ದವು: ಹೆಸರು ನೋಂದಣಿ, ತಪಾಸಣೆ, ರಕ್ತ ಕೊಟ್ಟವರಿಗೆ ಚಹಾ-ತಿಂಡಿಯ ಫರಾಳ. ಪ್ರತಿಯೊಂದಕ್ಕೂ ಎರಡು ಪಾಳಿ. ಎಂಟರಿಂದ ಹತ್ತೂವರೆ, ಹತ್ತೂವರೆಯಿಂದ ಒಂದು. ರಕ್ತ ಕೊಟ್ಟವರು ಆ ದಿನ ಭಾರ ಎತ್ತಬಾರದು, ಹಸಿದವರು ರಕ್ತ ಕೊಡಬಾರದು ಎಂದು ರಕ್ತ ಶೇಖರಿಸುವ ರಕ್ತಪೇಢಿಯ ಡಾಕ್ಟರು ಮೊದಲೇ ತಿಳಿಸಿದ್ದರು. ಆದ್ದರಿಂದ ಸೇವೆಗೆ ನಿಂತವರು ಪಾಳಿ ಮುಗಿಸಿ, ಉಂಡು, ಒಂದು ತಾಸು ಬಿಟ್ಟು ರಕ್ತ ಕೊಡತಕ್ಕದ್ದೆಂದು ಪ್ರತಿಯೊಬ್ಬರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಸಮಯ ಬರೆದಿದ್ದರು. ಎರಡನೆಯ ಪಾಳಿಯವರು ಮಾತ್ರ ಈ ಸಲ ಬೇಡ, ಮುಂದಿನ ಶಿಬಿರದಲ್ಲಿ ಕೊಡಲಿ ಎಂದಿತ್ತು.

ಗಿರಿಜಾಬಾಯಿಗೆ ಓದಲು ಬಾರದು. ಆಕೆ ಕಂಬದ ಮುಂದೆ ನಿಂತು ಗಂಡನನ್ನು ಕೇಳಿದಳು.

"ನನ್ನ ಹೆಸರು ಯಾವುದ್ರಿ?"

"ಇದು. ಫರಾಳ, ಮೊದಲ್ನೇ ಪಾಳಿ. ಇಲ್ಲಿ ಕೆಂಪಂದು ನೋಡು, ಹನ್ನೊಂದೂವರಿ. ಹತ್ತೂವರಿಗೆ ಉಣ್ಣು, ಆಮ್ಯಾಲ ಹೋಗು."

ಆಕೆ ಆ ಕೆಂಪಕ್ಷರವನ್ನು ಬೆರಳಿನಿಂದ ಮುಟ್ಟಿ, ಆ ಬೆರಳನ್ನು ಕಣ್ಣಿಗೊತ್ತಿಕೊಂಡಳು.

ಅದು ಎಪ್ಪತ್ತಾರನೆಯ ಇಸವಿ. ಅವರ ಒಬ್ಬಳೇ ಮಗಳು ಅಕ್ಕನಾಗಮ್ಮ ತೀರಿಹೋಗಿ ಅಂದಿಗೆ ಸರಿಯಾಗಿ ವರ್ಷ; ಶಿಬಿರ ಅವಳ ಹೆಸರಿನಲ್ಲೇ ಇತ್ತು. ಚೊಚ್ಚಲ ಹೆರಿಗೆಯಲ್ಲಿ ರಕ್ತ ನಿಲ್ಲದೆ ಹೋದಾಗ, ತಾಯಿಯ ರಕ್ತ ಹೊಂದುತ್ತದೆ ಎಂದು ದವಾಖಾನೆಯಲ್ಲಿ ಹೇಳಿದ್ದರು. ಗಿರಿಜಾಬಾಯಿ ಆಗಲೇ ಕುಪ್ಪಸದ ತೋಳು ಮಡಿಸಿದ್ದಳು. ತಡೆದವರು ಶಂಕರೆಪ್ಪನವರು. ಹೊರಗೆ ಬೀಗರು ಕುಳಿತಿದ್ದರು. ಮನೆಯಲ್ಲಿ ಇಷ್ಟು ಗಂಡಸರಿರಲು ಹೆಂಗಸನ್ನು ಮಲಗಿಸಿ ರಕ್ತ ತೆಗೆಸಿದರೆಂದು ಏನೆಂದಾರು? "ತಡಿ, ಬೋರಾಮಣಿಯಿಂದ ನನ್ನ ತಮ್ಮಂದಿರು ಬರ್ತಾರ" ಎಂದಿದ್ದರು. ತಮ್ಮಂದಿರು ಬಂದರು. ಬರುವಷ್ಟರಲ್ಲಿ ಅವರ ರಕ್ತ ಯಾರಿಗೂ ಬೇಕಾಗಿರಲಿಲ್ಲ.

ಆ ಮಾತನ್ನು ಗಿರಿಜಾಬಾಯಿ ವರ್ಷವಿಡೀ ಎತ್ತಲಿಲ್ಲ. ಶಿಬಿರದ ವಿಚಾರ ತೆಗೆದಾಗ ಮಾತ್ರ, "ಆ ದಿನ ಕೊಡಲಾರದ್ದು ಈ ದಿನ ಕೊಡ್ತೀನಿ. ಯಾರ ಮಗಳಿಗಾದ್ರೂ ಆಗಲಿ" ಎಂದಿದ್ದಳು. ಶಂಕರೆಪ್ಪನವರು ಪಟ್ಟಿಯಲ್ಲಿ ಮೊದಲು ಬರೆದ ಹೆಸರು ಅವಳದೇ.

ಎಂಟು ಗಂಟೆಗೆ ರಕ್ತಪೇಢಿಯ ಗಾಡಿ ಬಂತು. ಗಾಜಿನ ಬಾಟಲಿಗಳೂ ಮಂಜುಗಡ್ಡೆ ತುಂಬಿದ ಬರ್ಫದ ಪೆಟ್ಟಿಗೆಯೂ ಇಳಿದವು. ಒಂದು ಗಂಟೆಗೆ ಹೊರಡಲೇಬೇಕು, ಹನ್ನೆರಡೂವರೆಗೆ ಕಡೆಯ ಹೆಸರು ಎಂದು ಡಾಕ್ಟರು ಖಡಾಖಂಡಿತ ಹೇಳಿದರು. ನೋಂದಣಿಯ ಮೇಜಿನಲ್ಲಿ ಸೋಲಾಪುರದ ದೊಡ್ಡ ವ್ಯಾಪಾರಿ ಭೀಮಶಾ ಅವರ ಹೆಂಡತಿ ಇಂದುಬಾಯಿ ಬಂದವರಿಗೆ ಕುಂಕುಮ ಹಚ್ಚುತ್ತ ಕುಳಿತರು. ಹೆಸರು ಬರೆಯುವವರು ಪಕ್ಕದಲ್ಲಿ ಬೇರೆ ಇದ್ದರು. ತಪಾಸಣೆಯ ತಕ್ಕಡಿಯ ಬಳಿ, ಎಲ್ಲರನ್ನೂ ನಗಿಸುವ ತರುಣ ರಾಚಪ್ಪ ನಿಂತು, ಒಬ್ಬ ಮುದುಕ ರೈತನನ್ನು ಛೇಡಿಸಿದ.

"ಮಾವ, ಚಪ್ಪಲಿ ಬಿಟ್ಟು ಏರ್ರಿ. ಕುರನೂರ ಹೊಲದ ಮಣ್ಣೂ ತೂಕಕ್ಕ ಹಿಡೀಬೇಕೇನು?"

"ಮಣ್ಣು ಬಿಟ್ರ ನನ್ನ ಮೈಯಾಗ ಏನ್ ಉಳೀತದೋ ಮಗನ!"

ತೂಕವಾದ ಮೇಲೆ ಬೆರಳು ಚುಚ್ಚಿ ಒಂದು ಹನಿಯನ್ನು ನೀಲಿ ದ್ರಾವಣದಲ್ಲಿ ಬಿಡುತ್ತಿದ್ದರು. ಹನಿ ಮುಳುಗಿದರೆ ರಕ್ತ ಗಟ್ಟಿ, ತೇಲಿದರೆ ಮನೆಗೆ. ಅಲ್ಲಿಂದ ಡಾಕ್ಟರ ಪ್ರಶ್ನೆ, ಬಿ.ಪಿ., ಮಂಚ. ಮಂಚದಿಂದ ಎದ್ದವರು ಗಿರಿಜಾಬಾಯಿಯ ಮುಂದೆ ಕೂರುತ್ತಿದ್ದರು. ಆಕೆ ಚಹಾ, ಶಿರಾ ಕೊಟ್ಟು, "ಗಡಬಡಿ ಮಾಡಬ್ಯಾಡ್ರಿ, ಇನ್ನೂ ಸ್ವಲ್ಪ ಕೂಡ್ರಿ" ಎಂದು ಪ್ರತಿಯೊಬ್ಬರ ಮುಖದ ಬಣ್ಣ ನೋಡುತ್ತಿದ್ದಳು. ಬಡಿಸುವವರು ಮುಂಜಾನೆಯಿಂದ ಪಂಕ್ತಿ ಏಳುವ ತನಕ ಬಾಯಿಗೆ ತುತ್ತಿಡುವುದು ಅವರ ಮನೆತನದಲ್ಲಿ ಇಲ್ಲ. ಅದಕ್ಕೆಂದೇ ಶಂಕರೆಪ್ಪನವರು ಎರಡು ಪಾಳಿ ಮಾಡಿದ್ದರು.

ಹತ್ತೂವರೆಯಾಯಿತು. ಎರಡನೆಯ ಪಾಳಿಗೆ ಕುರನೂರಿನಿಂದ ಬರಬೇಕಿದ್ದ ಹಣಮವ್ವ ಮತ್ತು ಇಬ್ಬರು ಹೆಂಗಸರ ಸುಳಿವಿಲ್ಲ. ಶಂಕರೆಪ್ಪನವರು ಕಂಬದ ಪಟ್ಟಿಯನ್ನೂ ನೋಂದಣಿಯ ಮೇಜನ್ನೂ ನೋಡಿದರು. ಅಲ್ಲಿ ಇಂದುಬಾಯಿಯವರ ಕೈ ಖಾಲಿಯಿತ್ತು. ಎದ್ದು ಬಂದು ಅರ್ಧ ತಾಸು ಚಹಾ ಕೊಡಿರೆಂದರೆ ಅವರು ಬರುತ್ತಿದ್ದರೋ ಏನೋ. ಆದರೆ ಭೀಮಶಾ ಅವರ ಹೆಂಡತಿಗೆ ಲೋಟ ತುಂಬಿಸಲು ಹೇಳುವುದೆಂತು? ಜನ ಏನೆಂದಾರು? ಪರರಿಗೆ ಹೇಳಲಾಗದ್ದನ್ನು ತನ್ನವರಿಗೆ ಹೇಳುವುದು ಸುಲಭ.

"ಗಿರಿಜಾ, ಹಣಮವ್ವ ಇನ್ನೂ ಬಂದಿಲ್ಲ. ಹದಿನೈದು ಮಿನಿಟ ನಿಂದ್ರು."

"ನನ್ನ ಹನ್ನೊಂದೂವರಿ?"

"ಹನ್ನೆರಡಕ್ಕ ಮಾಡ್ತೀನಿ."

ಅವರೇ ಹೋಗಿ ಕೆಂಪಕ್ಷರದ ಮೇಲೆ ಗೀಟು ಹಾಕಿ, ಪಕ್ಕದಲ್ಲಿ ಹನ್ನೆರಡು ಎಂದು ಬರೆದರು.

ಆಮೇಲೆ ನೇಕಾರರ ಒಂದು ಗುಂಪು ಬಂತು. ಮಂಚದ ಮೇಲೆ ಒಬ್ಬನಿಗೆ ತಲೆ ತಿರುಗಿತು; ಅವನ ಕಾಲು ಎತ್ತರಿಸಿ ಹಿಡಿಯುವವರಲ್ಲಿ ಶಂಕರೆಪ್ಪನವರೂ ಸೇರಿದರು. ಹದಿನೈದು ಮಿನಿಟು ಎಂಬ ಮಾತು ಅವರ ಮನಸ್ಸಿನಿಂದ ಜಾರಿತು. ಹನ್ನೆರಡು ದಾಟಿದ ಮೇಲೆ ಹಣಮವ್ವ ಏದುಸಿರು ಬಿಡುತ್ತ ಬಂದು, "ಎಸ್ಟಿ ಬಸ್ಸು ಹಾದ್ಯಾಗ ಕೆಟ್ಟು ನಿಂತಿತ್ರಿ ಅಣ್ಣಾ, ಅರ್ಧ ಹಾದಿ ನಡಕೋತ ಬಂದೀವಿ" ಎಂದು ಕೆಟಲು ಕೈಗೆತ್ತಿಕೊಂಡಳು. ಗಿರಿಜಾಬಾಯಿ ಗೋಡೆಯ ಗಡಿಯಾರ ತೋರಿಸಿ ಯಾರನ್ನೋ ಸಮಯ ಕೇಳಿದಳು. ಕಡೆಯ ಹೆಸರಿಗೆ ಹತ್ತು ಮಿನಿಟು ಇತ್ತು. ತಾಟಿನ ಕಡೆ ನೋಡದೆ, ಸೆರಗಿಗೆ ಕೈಯೊರೆಸಿಕೊಂಡು ನೋಂದಣಿಗೆ ಓಡಿದಳು.

ತೂಕ ಸರಿಯಾಯಿತು. ರಾಚಪ್ಪ ನಗೆಚಾಟಿಕೆ ಬಿಟ್ಟು, "ಬರ್ರಿ ಕಾಕಿ" ಎಂದು ತಾನೇ ಕರೆದೊಯ್ದ. ಆಕೆಯ ಹನಿ ನೀಲಿ ದ್ರಾವಣದಲ್ಲಿ ಕಲ್ಲಿನಂತೆ ನೆಟ್ಟಗೆ ಮುಳುಗಿತು.

ಡಾಕ್ಟರು ತರುಣ, ಮರಾಠಿಯವನು; ಕನ್ನಡವೂ ಬರುತ್ತಿತ್ತು. ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿ, ಇನ್ನೊಮ್ಮೆ ನೋಡಿದ. "ಆಯೀ, ಸಕಾಳೀ ಕಾಯ್ ಖಾಲ್ಲಂ?" ಬೆಳಿಗ್ಗೆ ಏನು ತಿಂದಿರೆಂದು ಕೇಳಿದ್ದ.

ಸುಳ್ಳು ಹೇಳಿದ್ದರೆ ಆಗುತ್ತಿತ್ತೋ ಏನೋ. ಮಗಳ ಹೆಸರಿನ ಶಿಬಿರದಲ್ಲಿ ಗಿರಿಜಾಬಾಯಿಗೆ ಸುಳ್ಳು ಬರಲಿಲ್ಲ. "ಇನ್ನೂ ಇಲ್ಲರಿ" ಎಂದಳು.

ಶಂಕರೆಪ್ಪನವರು ಬಂದಾಗ ಡಾಕ್ಟರ ಮೇಜಿನ ಮೇಲಿನ ಫಾರಮ್ಮಿಗೆ ಅಡ್ಡಗೀಟು ಬಿದ್ದಿತ್ತು.

"ಈಗ ಉಣಸ್ತೀನಿ ಸಾಹೇಬ. ಎಷ್ಟು ತಡಿಬೇಕು?"

"ಎರಡು ತಾಸಾದರೂ ಬೇಕು ಕಾಕಾ. ಬಿ.ಪಿ. ಭಾಳ ಇಳದದ, ತಗೊಂಡ್ರ ಇಲ್ಲೇ ಬೀಳ್ತಾರ. ಒಂದಕ್ಕ ನಾವು ಹೊರಡಬೇಕು, ಬರ್ಫ ನಿಲ್ಲೂದಿಲ್ಲ." ಆತ ದನಿ ತಗ್ಗಿಸಿದ. "ರಕ್ತ ಛಲೋ ಅದ ಇವರದು. ಮುಂದಿನ ಸಲ ಖಂಡಿತ."

ಒಂದಕ್ಕೆ ಗಾಡಿ ಹೊರಟಿತು. ಐವತ್ತೇಳು ತುಂಬಿದ ಬಾಟಲಿಗಳು ಬರ್ಫದಲ್ಲಿದ್ದವು. ಮಂಚದ ಬಳಿ ಸಿದ್ಧವಿಟ್ಟಿದ್ದ ಐವತ್ತೆಂಟನೆಯದನ್ನು ಸಹಾಯಕ ಖಾಲಿಯಾಗಿಯೇ ಪೆಟ್ಟಿಗೆಗೆ ಹಾಕಿದ್ದ.

ಜನ ಶಂಕರೆಪ್ಪನವರ ಕೈ ಹಿಡಿದು ಹೊಗಳಿದರು. ಭೀಮಶಾ, "ಏನ ನಿಯೋಜನ ಶಂಕರೆಪ್ಪಾ! ಒಂದ ಗದ್ದಲ ಆಗಲಿಲ್ಲ" ಎಂದರು. ಶಂಕರೆಪ್ಪನವರು ಎಲ್ಲರಿಗೂ ಕೈಮುಗಿದು, ಕಂಬದ ಪಟ್ಟಿ ಕಣ್ಣಿಗೆ ಬೀಳದಂತೆ ಸುತ್ತುಹಾಕಿ ಹೋಗಿ, ಒಂದು ತಾಟಿನಲ್ಲಿ ಶಿರಾ ಹಾಕಿ, ತಮ್ಮ ಕೈಯಿಂದಲೇ ಚಹಾ ಬಗ್ಗಿಸಿ ಹೆಂಡತಿಯ ಮುಂದೆ ಇಟ್ಟರು. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಅವರು ಅವಳಿಗೆ ಬಡಿಸಿದ್ದು ಅದೇ ಮೊದಲು.

ಗಿರಿಜಾಬಾಯಿ ಮಡಿಸಿದ್ದ ತೋಳನ್ನು ಇನ್ನೂ ಇಳಿಸಿರಲಿಲ್ಲ. ಚುಚ್ಚಿದ ಬೆರಳಿಗೆ ಹತ್ತಿ ಅಂಟಿಕೊಂಡಿತ್ತು.

"ಎಲ್ಲಾರೂ ಉಂಡ್ರೇನ್ರಿ?"

"ಉಂಡ್ರು. ನೀನೊಬ್ಬಾಕಿನೇ ಉಳಿದಿ. ಉಣ್ಣು, ಗಿರಿಜಾ."

ಆಕೆ ತಾಟನ್ನು ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವರಿಗೆ ತಾಳಿಕೊಳ್ಳಲು ಸಾಧ್ಯವಾಗುತ್ತಿತ್ತು.

"ಈಗ್ಯಾತಕ್ರಿ?" ಎಂದು ಮೆಲ್ಲಗೆ ಕೇಳಿದಳು.

ಆಮೇಲೆ ಕುಪ್ಪಸದ ತೋಳನ್ನು ಕೆಳಗಿಳಿಸಿಕೊಂಡು, ಹಣಮವ್ವನ ಪಕ್ಕದಲ್ಲಿ ಕುಳಿತು, ಎಂಜಲು ಲೋಟಗಳನ್ನು ಒಂದೊಂದಾಗಿ ತೊಳೆಯತೊಡಗಿದಳು.