ಮೇಲಿನದು ಕೆಳಗಿನವಳಿಗೆ

ವಕೀಲರ ಕಚೇರಿಯ ಬಾಗಿಲಾಚೆ ಒಂದು ಕುಂಟು ಬೆಂಚು. ಅದರ ಮೇಲೆ ನಾನು ಮತ್ತು ಅತ್ತಿಗೆ, ಎಂದರೆ ನನ್ನ ಗಂಡನ ಅಕ್ಕ. ಒಳಗೆ ಮಾವ, ವಕೀಲರಮ್ಮ, ಟೈಪಿಸ್ಟು. ಉಯಿಲಿನಲ್ಲಿ ಪಾಲು ಪಡೆಯುವವರು ಓದುವಾಗ ಎದುರಿಗೆ ಇರಬಾರದು ಎಂದು ವಕೀಲರಮ್ಮ ನಮ್ಮಿಬ್ಬರನ್ನೂ ಹೊರಗೆ ಕೂರಿಸಿದ್ದರು. ಕೂರಿಸಿ ಏನು ಬಂತು? ಮಾವನಿಗೆ ಕಿವಿ ಮಂದ. ಅವರಿಗೆ ಕೇಳುವ ಹಾಗೆ ಓದಿದರೆ ಕೆಳಗಿನ ಸೈಕಲ್ ಅಂಗಡಿಯವನಿಗೂ ನಮ್ಮ ಮನೆಯ ಉಯಿಲು ಬಾಯಿಪಾಠವಾಗುತ್ತದೆ.

ನನಗೂ ಅತ್ತಿಗೆಗೂ ಒಂದೇ ಹೆಸರು. ನಾನು ಮದುವೆಯಾಗಿ ಬಂದ ದಿನವೇ ಇದು ತಲೆನೋವಾಯಿತು. ಮಾವ ಒಂದು ಕೂಗು ಹಾಕಿದರೆ ಇಬ್ಬರೂ ಓಡಿಬರುತ್ತಿದ್ದೆವು, ಇಲ್ಲವೇ ಅವಳು ಹೋಗಿರುತ್ತಾಳೆ ಎಂದು ಇಬ್ಬರೂ ಸುಮ್ಮನಿರುತ್ತಿದ್ದೆವು. ಆಗ ಅತ್ತಿಗೆ ಮತ್ತು ಅವರ ಗಂಡ ಮಹಡಿಯಲ್ಲಿದ್ದರು, ನಾನೂ ನನ್ನ ಗಂಡನೂ ಮಾವನ ಜೊತೆ ಕೆಳಮನೆಯಲ್ಲಿ. ಹಾಗಾಗಿ ಮಾವನ ಬಾಯಲ್ಲಿ ಅತ್ತಿಗೆ ‘ಮೇಲಿನವಳು’ ಆದರು, ನಾನು ‘ಕೆಳಗಿನವಳು’ ಆದೆ. ನನ್ನ ಗಂಡ ತೀರಿಕೊಂಡ ಮೇಲೆ, ಅತ್ತಿಗೆಗೆ ಮಂಡಿನೋವು ಜಾಸ್ತಿಯಾಗಿ ಮೆಟ್ಟಿಲು ಹತ್ತಲಾಗದೆ, ನಾವು ಮನೆ ಬದಲಾಯಿಸಿಕೊಂಡೆವು. ಅಡ್ಡಹೆಸರು ಮಾತ್ರ ಇದ್ದಲ್ಲೇ ಉಳಿಯಿತು. ಈಗಲೂ ಮಾವ ಮೆಟ್ಟಿಲ ಬುಡದಲ್ಲಿ ನಿಂತು, ಕತ್ತೆತ್ತಿ, ಮಹಡಿಯಲ್ಲಿರುವ ನನ್ನನ್ನು “ಏ ಕೆಳಗಿನವಳೇ” ಎಂದು ಕರೆಯುತ್ತಾರೆ. ಕೇಳಿದವರು ಏನೆಂದುಕೊಳ್ಳಬೇಕು?

ಮಾವ ತಮ್ಮ ಮನಸ್ಸನ್ನು ಮನೆಯಲ್ಲೇ ಹೇಳಿದ್ದರು. ಮಹಡಿ ನನಗೆ, ಕೆಳಮನೆ ಅತ್ತಿಗೆಗೆ, ಹಿತ್ತಲು ಇಬ್ಬರಿಗೂ ಅರ್ಧರ್ಧ. ತವರು ಎಂದು ಹೋಗಿ ನಿಲ್ಲಲು ನನಗೆ ಯಾರೂ ಇಲ್ಲ. ಶಾಲೆಯನ್ನೂ ಅರ್ಧಕ್ಕೇ ಬಿಟ್ಟವಳು. ಮಹಡಿಯ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಹೇಗೋ ಬದುಕುತ್ತಿದ್ದೇನೆ. ಅತ್ತಿಗೆಯ ಗಂಡನಿಗೋ, ಆ ಮಹಡಿಯನ್ನು ಬಾಡಿಗೆಗೆ ಬಿಡಬಹುದಿತ್ತಲ್ಲ ಎಂಬ ಕೊರಗು. ನನ್ನ ಮುಂದೆಯೇ ಅಂದಿದ್ದಾರೆ, ನಾನು ಬಟ್ಟೆಯ ಮೇಲೆ ಬಗ್ಗಿಕೊಂಡೇ ಕೇಳಿಸಿಕೊಂಡಿದ್ದೇನೆ.

ಅರೆ ತೆರೆದ ಬಾಗಿಲಿನಿಂದ ಕಂಡಷ್ಟು, ಕೇಳಿಸಿದಷ್ಟು, ಒಳಗೆ ಕೆಲಸ ಮೊದಲು ಸರಿಯಾಗಿಯೇ ನಡೆಯಿತು. ವಕೀಲರಮ್ಮ ಕೈಯಲ್ಲಿ ಬರೆದಿದ್ದ ಕರಡನ್ನು ತಾವೇ ಓದುವುದು, ಟೈಪಾದ ಪ್ರತಿಯಲ್ಲಿ ಟೈಪಿಸ್ಟು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ನೋಡಿಕೊಂಡು ಬರುವುದು. ಮೊದಲ ಪುಟ ಮುಗಿಯುತ್ತಿದ್ದಂತೆ ಅವರ ಫೋನು ಹೊಡೆದುಕೊಂಡಿತು. “ನಾನು ಬರೋವರೆಗೂ ಮುಂದೆ ಹೋಗ್ಬೇಡಿ” ಎಂದು ಹೇಳಿ ಹಿಂದಿನ ಕೋಣೆಗೆ ಹೋದರು.

ಮಾವನಿಗೆ ಎಲ್ಲಿಯ ತಾಳ್ಮೆ. “ಓದಪ್ಪಾ ನೀನು. ಹಸಿವಾಗ್ತಾ ಇದೆ ನನಗೆ.”

“ಮೇಡಂ ಬೈತಾರೆ ಯಜಮಾನ್ರೇ.”

“ಅವರು ನಿನಗೆ ತಾನೇ ಬೈಯೋದು? ಓದು.”

ಆತ ಟೈಪಾದ ಪ್ರತಿಯನ್ನೇ ಹಿಡಿದು ಗಡಗಡ ಓದತೊಡಗಿದ. ಕರಡು ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಮಹಡಿ ಮನೆಯನ್ನು ನನ್ನ ಮಗಳಾದ ಇಂಥವಳಿಗೆ ಎಂದು ನಮ್ಮ ಹೆಸರು ಹೇಳಿದ. ಕೆಳಮನೆಯನ್ನು ನನ್ನ ಮಗಳಾದ ಇಂಥವಳಿಗೆ ಎಂದು ಮತ್ತೆ ಅದೇ ಹೆಸರು ಹೇಳಿದ.

“ಸರಿ ಸರಿ, ಮುಂದೆ” ಅಂದರು ಮಾವ. ಅವರಿಗೆ ಹೆಸರು ಕೇಳಿಸಿತ್ತು. ಎರಡು ಸಲ ಕೇಳಿಸಿತ್ತು, ಲೆಕ್ಕ ಸರಿಹೋಗಿತ್ತು.

ಎರಡು ಸಲವೂ ಮಗಳು, ಸೊಸೆ ಎಲ್ಲೂ ಇಲ್ಲ. ಕೆಮ್ಮಿದೆ. ಅತ್ತಿಗೆ ಎದುರಿನ ಗೋಡೆಯನ್ನೇ ನೋಡುತ್ತಿದ್ದರು. ಚಪ್ಪಲಿಯೊಳಗೆ ಅವರ ಹೆಬ್ಬೆರಳು ಮಾತ್ರ ಅಲ್ಲಾಡುತ್ತಿತ್ತು.

“ಕೆಮ್ಮಿದ್ರೆ ಅವರಿಗೇನು ತಿಳಿಯುತ್ತೆ? ಹೋಗಿ ಹೇಳು” ಅಂದರು.

“ನೀವೇ ಹೇಳಿ ಅತ್ತಿಗೆ.”

“ನಾನು ಹೇಳಿದ್ರೆ ಮನೆಗೆ ಹೋದ ಮೇಲೆ ನಮ್ಮನೆಯವರ ಕೈಲಿ ಬೈಸ್ಕೋಬೇಕು. ನೀನು ಹೇಳಿದ್ರೆ ಆಸೆಬುರುಕಿ ಅನ್ನಿಸ್ಕೋತೀಯ. ಚೆನ್ನಾಗಿದೆ ನಮ್ಮಿಬ್ಬರ ಗತಿ.”

ನಾನು ಎದ್ದೆ. ಕೂತೆ. ಹೋಗಿ ಏನೆಂದು ಹೇಳಲಿ? ಮಾವ, ನನ್ನ ಪಾಲು ಎಲ್ಲಿ ಎಂದೇ? ನನ್ನ ಬಾಯಿಗೆ ಆ ಮಾತು ಬರುವುದಿಲ್ಲ. ಒಳಗೆ ಆತ ಹಿತ್ತಲನ್ನೂ ಓದಿ, ಕೊನೆಯ ಸಾಲನ್ನೂ ಓದಿ, ಪುಟಗಳನ್ನು ಮೇಜಿಗೆ ಕುಟ್ಟಿ ಜೋಡಿಸಿದ. ಸಹಿ ಹಾಕಲು ಪೆನ್ನು ಎಲ್ಲಿ ಎಂದು ಮಾವ ಕೇಳುತ್ತಿದ್ದರು.

ಆಗ ವಕೀಲರಮ್ಮ ಬಂದರು.

“ಎಲ್ಲಿವರೆಗೆ ಬಂತು?”

“ಮುಗೀತು ಮೇಡಂ.”

“ಮುಗೀತಾ? ನಾನು ಏನು ಹೇಳಿ ಹೋಗಿದ್ದೆ?” ಕುರ್ಚಿ ಎಳೆದ ಸದ್ದು. “ಯಜಮಾನ್ರೇ, ಪೆನ್ನು ಕೆಳಗಿಡಿ. ಕಾಗದ ನೋಡದೆ ನಿಮ್ಮ ಬಾಯಲ್ಲೇ ಹೇಳಿ, ಯಾವುದು ಯಾರಿಗೆ?”

“ಮೇಲಿನದು ಕೆಳಗಿನವಳಿಗೆ. ಕೆಳಗಿನದು ಮೇಲಿನವಳಿಗೆ.”



“ಇನ್ನೊಂದು ಸಲ ಹೇಳಿ.”

ವಕೀಲರಮ್ಮನಿಗೇ ಕಿವಿ ಕೇಳಿಸದು ಎಂಬಂತೆ ಮಾವ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದರು. ಅತ್ತಿಗೆ ಹಣೆ ಒತ್ತಿಕೊಂಡರು.

“ಕೆಳಗಿನವಳು ಅಂದ್ರೆ ಯಾರು? ಮಗಳೋ, ಸೊಸೆಯೋ?”

“ಸೊಸೆ ಕಣಮ್ಮಾ. ಮಹಡಿ ಮೇಲೆ ಇದ್ದಾಳಲ್ಲ, ಅವಳು.”

ವಕೀಲರಮ್ಮ ಕರಡನ್ನೂ ಟೈಪಾದ ಪ್ರತಿಯನ್ನೂ ಪಕ್ಕಪಕ್ಕ ಇಟ್ಟುಕೊಂಡಿರಬೇಕು. ಪುಟ ಮಗುಚುವ ಸದ್ದು, ಆಮೇಲೆ ಒಂದು ನಿಟ್ಟುಸಿರು.

“ನಾನು ಬರೆದಿರೋದು ಸೊಸೆ ಅಂತ. ಇಲ್ಲಿ ಮಗಳು ಹೇಗೆ ಬಂದ್ಲು?”

“ಎರಡು ಕಡೆನೂ ಒಂದೇ ಹೆಸರಿತ್ತು ಮೇಡಂ. ನೀವು ಕೈತಪ್ಪಿ ಸೊಸೆ ಅಂತ ಬರೆದಿದ್ದೀರಿ ಅಂದ್ಕೊಂಡು ನಾನೇ ಸರಿ ಮಾಡ್ದೆ.”

“ಬಹಳ ಉಪಕಾರ ಆಯ್ತು. ಅನುಮಾನ ಬಂದ್ರೆ ಕೇಳ್ಬೇಕಪ್ಪ, ಸರಿ ಮಾಡೋದಲ್ಲ. ಇವರು ಹೋದ ಮೇಲೆ ಆ ಹುಡುಗಿ ಇದನ್ನ ಹಿಡ್ಕೊಂಡು ಯಾರ ಹತ್ರ ಅಳ್ಬೇಕು?” ಮತ್ತೆ ಪುಟದ ಸದ್ದು. “ಇದೇನಿದು, ಹಿತ್ತಲಲ್ಲಿ ಇಬ್ಬರಿಗೂ ಮೂರನೇ ಒಂದು ಪಾಲು?”

“ಅದು ಹಿಂದಿನ ಪಾರ್ಟಿಯವರದು ಮೇಡಂ. ಅವರು ಮೂರು ಜನ ಇದ್ರು. ಅದೇ ಫೈಲಲ್ಲಿ ತಿದ್ದಿ…”

“ಉಳಿದ ಒಂದು ಪಾಲು ಕಾಗೆಗಾ?”

ಮಾವ ತಮ್ಮ ಪರಿಹಾರ ತಂದರು. “ಅದಕ್ಕೇನು, ಮಹಡಿಯಲ್ಲಿರೋಳು, ಕೆಳಗಿರೋಳು ಅಂತ ಪೆನ್ನಲ್ಲಿ ಪಕ್ಕಕ್ಕೆ ಬರೆದ್ರಾಯ್ತು.”

“ನಾಳೆ ಅವರು ಮತ್ತೆ ಮನೆ ಬದಲಾಯಿಸಿದ್ರೆ? ಪೆನ್ನೂ ಬೇಡ, ಗಿನ್ನೂ ಬೇಡ. ಗೀಚಿದ್ದು ಕಂಡ್ರೆ ಆಮೇಲೆ ಯಾರೋ ಸೇರಿಸಿದ್ದು ಅಂತ ಜಗಳ ತೆಗೀತಾರೆ. ಹೊಸದಾಗಿ ಪ್ರಿಂಟ್ ತೆಗೀಬೇಕು.”

ನಮ್ಮಿಬ್ಬರನ್ನೂ ಒಳಗೆ ಕರೆದರು, ಗುರುತಿಗೆ ಮಾತ್ರ. ಪೂರ್ತಿ ಹೆಸರು, ತಂದೆಯ ಹೆಸರು, ಗಂಡನ ಹೆಸರು, ಹುಟ್ಟಿದ ದಿನ. ತೀರಿಕೊಂಡ ಗಂಡನ ಹೆಸರನ್ನು ಮೆಲ್ಲಗೆ ಹೇಳಿದೆ. “ಗಟ್ಟಿಯಾಗಿ ಹೇಳೇ ಕೆಳಗಿನವಳೇ” ಅಂದರು ಮಾವ. ಇನ್ನೊಂದು ಸಲ ಹೇಳಿದೆ. ವಕೀಲರಮ್ಮ ನನ್ನ ಗುರುತಿನ ಚೀಟಿ ನೋಡಿಕೊಂಡು ಬರೆದರು, ಬರೆದದ್ದನ್ನು ನನಗೇ ತೋರಿಸಿದರು, ಮತ್ತೆ ಬೆಂಚಿಗೆ ಅಟ್ಟಿದರು.

ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿತು. ಸಾಕ್ಷಿಗೆ ಬಂದಿದ್ದ ಔಷಧಿ ಅಂಗಡಿಯವರೂ ಪಕ್ಕದ ಮನೆಯ ಮೇಷ್ಟ್ರೂ ಎಷ್ಟೊತ್ತು ಕಾಯುವುದೆಂದು ಟೀ ಕುಡಿಯಲು ಹೋದವರು ಪತ್ತೆಯಿಲ್ಲ. ಬದಲಾದ ಸಾಲು ಮಾತ್ರ ಓದಿದರೆ ಸಾಲದೇ ಎಂದು ಮಾವ ರೇಗಿದರು. ಸಾಲದು, ಮೊದಲಿನಿಂದ ಎಂದರು ವಕೀಲರಮ್ಮ. ಈ ಸಲ ಅವರೇ ಓದಿದರು, ಟೈಪಿಸ್ಟು ಬೆರಳಿಟ್ಟುಕೊಂಡು ಬಂದ, ಫೋನು ಹೊಡೆದುಕೊಂಡು ಹೊಡೆದುಕೊಂಡು ತಾನೇ ಸುಮ್ಮನಾಯಿತು.

ಮಹಡಿ ಮನೆಯನ್ನು, ತೀರಿಕೊಂಡ ನನ್ನ ಮಗನ ಹೆಂಡತಿಯಾದ ನನ್ನ ಸೊಸೆ ಇಂಥವಳಿಗೆ. ಕೆಳಮನೆಯನ್ನು, ನನ್ನ ಮಗಳಾದ ಇಂಥವಳಿಗೆ. ಹಿತ್ತಲಲ್ಲಿ ಇಬ್ಬರಿಗೂ ಅರ್ಧರ್ಧ.

“ಕೇಳಿಸ್ತಾ?” ಅಂದರು ಅತ್ತಿಗೆ.

“ಹೂಂ.”

ಕೇಳಬಾರದಿತ್ತೇನೋ, ಕೇಳಿಬಿಟ್ಟೆ. “ಮೇಡಂ ಬರದೇ ಇದ್ದಿದ್ರೆ ನೀವು ಹೇಳ್ತಿದ್ರಾ ಅತ್ತಿಗೆ?”

ಅವರು ತಮ್ಮ ಮಂಡಿಯನ್ನು ಎರಡೂ ಕೈಯಲ್ಲಿ ನೀವಿಕೊಂಡರು. “ಏಳೋಕೆ ನನಗೆ ಎಷ್ಟೊತ್ತು ಬೇಕು ಅಂತ ನಿನಗೆ ಗೊತ್ತಿಲ್ವಾ? ಏಳ್ತಾ ಇದ್ದೆ.”

ಅವರು ಎದ್ದದ್ದನ್ನು ನಾನು ನೋಡಿರಲಿಲ್ಲ. ನಾನು ಎದ್ದು ಕೂತದ್ದನ್ನು ಅವರು ನೋಡಿದ್ದರು. ಸಾಕ್ಷಿಗಳು ಬಂದು, ಮಾವ ಅವರೆದುರು ಒಂದೊಂದು ಪುಟಕ್ಕೂ ಗೊಣಗುತ್ತಾ ಸಹಿ ಹಾಕಿ, ಅವರಿಬ್ಬರೂ ಹಾಕಿ ಮುಗಿಸುವವರೆಗೆ ನಾವು ಬೆಂಚಿನ ಮೇಲೆಯೇ ಕೂತಿದ್ದೆವು. ಇಳಿಯುವಾಗ ಮೆಟ್ಟಿಲ ಮೇಲೆ ಅತ್ತಿಗೆ ಕೈ ಚಾಚಿದರು, ಹಿಡಿದುಕೊಂಡೆ. ಅಷ್ಟರಲ್ಲಿ ಕೆಳಗೆ ತಲುಪಿದ್ದ ಮಾವ ಮೇಲೆ ನೋಡಿ ನಮ್ಮ ಹೆಸರು ಹಿಡಿದು ಕೂಗಿದರು. ಯಾರನ್ನು ಎಂದು ಕೇಳದೆ ಇಬ್ಬರೂ ಒಂದೊಂದೇ ಮೆಟ್ಟಿಲು ಇಳಿದೆವು.